ತುಟಿಯ ಎಡ ಮೂಲೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಟಚಿಂಗಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಒಂದೇ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಫೋಟೋಗಳಿಗೆ ಟಚಿಂಗ್ ಮಾಡಿದವನು, ಎಂದರೆ ಊರವರ ಮುಖ ತಿದ್ದಿದವನು ಅವನು. ಮೊದಲಿಗೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ, ಆಮೇಲೆ ಕಂಪ್ಯೂಟರಿನಲ್ಲಿ. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ನೆಗೆಟಿವ್ ಇಟ್ಟು, ಭೂತಗನ್ನಡಿಯಲ್ಲಿ ನೋಡುತ್ತ, ಸೂಜಿಯ ಹಾಗೆ ಮಸೆದ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ತುಂಬುತ್ತಿದ್ದ. ಸಿಡುಬಿನ ಕಲೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಮದುಮಗನ ಮೊಡವೆ, ಎಲ್ಲ ಅವನ ಕೈಯಲ್ಲಿ ಸದ್ದಿಲ್ಲದೆ ಹೋಗಿಬಿಡುತ್ತಿದ್ದವು. ತಿದ್ದಿದ್ದು ಗೊತ್ತಾದರೆ ಅದು ಕೆಲಸವೇ ಅಲ್ಲ ಎಂದು ಅವನಿಗೆ ಕಲಿಸಿದವರು ಹೇಳಿದ್ದರು. ಅದನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಸ್ಟುಡಿಯೋ ಮುಚ್ಚಿದಾಗ ಮಾಲೀಕರು ಒಂದು ಕ್ಯಾಮೆರಾವನ್ನೂ ಹಳೇ ಕಂಪ್ಯೂಟರನ್ನೂ ಅವನಿಗೇ ಕೊಟ್ಟರು. ಅವೆರಡೂ ಮೂರನೇ ಮಹಡಿಯ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದವು.

ಆ ಮನೆಯಲ್ಲಿದ್ದವರು ಅವನೂ ಅವನ ಹೆಂಡತಿಯೂ ಇಬ್ಬರೇ. ಎಂಟು ತಿಂಗಳ ಹಿಂದೆ ಹೆಂಡತಿಗೆ ಲಕ್ವ ಹೊಡೆದು ಎಡಗೈ ಸೋತುಹೋಗಿತ್ತು, ಎಡಗಾಲು ಎಳೆಯುತ್ತಿತ್ತು. ಮುಖದ ಎಡಭಾಗ, ಕಣ್ಣಿನಿಂದ ಕೆಳಗೆ, ಮೊಳೆ ಸಡಿಲವಾದ ಪರದೆಯಂತೆ ಇಳಿದಿತ್ತು. ಮಾತು ತೊದಲುತ್ತಿತ್ತು. ಬುದ್ಧಿ ಮಾತ್ರ ಒಂದಿಷ್ಟೂ ಮಸುಕಾಗಿರಲಿಲ್ಲ. ಬೇಳೆ ಡಬ್ಬಿ ಎಲ್ಲಿದೆ, ಪಕ್ಕದ ಮನೆಯವರು ಯಾವತ್ತು ಏನಂದರು, ಎಲ್ಲ ಅವಳ ಬಳಿ ಲೆಕ್ಕ ತಪ್ಪದೆ ಇತ್ತು.

ಅವಳಿಗೊಬ್ಬಳು ತಂಗಿ. ಹನ್ನೊಂದು ವರ್ಷ ಚಿಕ್ಕವಳು. ತಾಯಿ ಹೆರಿಗೆಯಲ್ಲೇ ಹೋದದ್ದರಿಂದ ಆ ಕೂಸನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅಕ್ಕನೇ. ಪುಟ್ಟಿ ಎಂದು ಕರೆದದ್ದು, ಆ ಪುಟ್ಟಿಗೆ ಅರವತ್ತು ಹತ್ತಿರವಾದರೂ ಹೆಸರು ಬದಲಾಗಿರಲಿಲ್ಲ. ಪುಟ್ಟಿ ಮದುವೆಯಾಗಿ ದೂರದ ದೇಶಕ್ಕೆ ಹೋಗಿ, ಅಲ್ಲಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ, ಈಗ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಳು. ಪುಟ್ಟಿಯ ಮಗಳು ಫೋನ್ ಮಾಡಿ ಸುತ್ತುಬಳಸದೆ ಹೇಳಿದ್ದಳು.

"ದೊಡ್ಡಮ್ಮ, ಡಾಕ್ಟರು ಇನ್ನು ಹೆಚ್ಚು ದಿನ ಹೇಳ್ತಿಲ್ಲ. ಒಂದು ತಿಂಗಳೋ, ಅದರ ಮೇಲೆ ಸ್ವಲ್ಪವೋ. ಅಮ್ಮ ಬೇರೇನೂ ಕೇಳ್ತಿಲ್ಲ. ಅಕ್ಕ ಬರ್ತಾಳಾ ಅಂತ ಒಂದೇ."

ಹೆಂಡತಿ ಫೋನ್ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಕರೆದುಕೊಂಡು ಹೋಗುತ್ತೀರಾ ಎಂದು ಕೇಳಲಿಲ್ಲ. ಯಾವಾಗ ಎಂದು ಕೇಳಿದಳು.

ಬೀದಿಯ ತಿರುವಿನಲ್ಲಿ ವೀಸಾ ಕಾಗದಪತ್ರ ಮಾಡಿಸಿಕೊಡುವ ಒಬ್ಬಾಕೆಯ ಆಫೀಸು ಇತ್ತು. ಏಜೆಂಟಮ್ಮ ಎಂದೇ ಹೆಸರು. ಚುರುಕು ಹೆಂಗಸು. ನಾಲ್ಕು ವರ್ಷದ ಹಿಂದೆ ಪುಟ್ಟಿಯ ಮಗಳ ಮದುವೆಗೆ ಇವರು ಹೋಗಿಬಂದಾಗ ಕೊಟ್ಟಿದ್ದ ಬೆರಳಚ್ಚು ಇನ್ನೂ ನಡೆಯುತ್ತದೆ, ಹಾಗಾಗಿ ಖುದ್ದಾಗಿ ಹಾಜರಾಗಬೇಕಿಲ್ಲ ಎಂದು ಅವಳು ಹೇಳಿದಾಗ ಟಚಿಂಗಪ್ಪನಿಗೆ ಅರ್ಧ ಭಾರ ಇಳಿದಂತಾಯಿತು. ಉಳಿದದ್ದು ಫೋಟೋ. ಹಳೆಯದು ಆಗದು, ಆರು ತಿಂಗಳ ಒಳಗಿನದೇ ಬೇಕು. ಅಮ್ಮನನ್ನು ಇಲ್ಲಿಗೇ ಕರೆತಂದರೆ ಎರಡು ನಿಮಿಷದಲ್ಲಿ ತೆಗೆದುಬಿಡುತ್ತೇನೆ ಎಂದಳು. ಮೂರು ಮಹಡಿ ಕುರ್ಚಿಯಲ್ಲಿ ಹೊತ್ತು ಇಳಿಸಬೇಕು, ಮತ್ತೆ ಹತ್ತಿಸಬೇಕು. ಅದೂ ಅಲ್ಲದೆ, ಮೂವತ್ತೆಂಟು ವರ್ಷ ಫೋಟೋದಲ್ಲೇ ಕೂದಲು ನೆರೆಸಿಕೊಂಡವನ ಹೆಂಡತಿಯ ಚಿತ್ರವನ್ನು ಇನ್ನೊಬ್ಬರು ತೆಗೆಯುವುದೆಂದರೇನು?

"ನಾನೇ ಮನೇಲಿ ತೆಗೀತೀನಮ್ಮ. ನಿಯಮದ ಕಾಗದ ಕೊಡಿ ಸಾಕು."

"ತೆಗೀರಿ ಯಜಮಾನ್ರೆ. ಆದ್ರೆ ಇದು ಮದುವೆ ಫೋಟೋ ಅಲ್ಲ. ಅಲ್ಲಿಯವರು ಮೊಸರಲ್ಲಿ ಕಲ್ಲು ಹುಡುಕ್ತಾರೆ," ಎಂದು ಅವಳು ಒಂದು ಹಾಳೆ ಕೊಟ್ಟಳು.

ಹಾಳೆಯನ್ನು ಅವನು ಊಟಕ್ಕೆ ಕೂತಾಗಲೂ ಓದಿದ. ಅಗಲ ಮೂವತ್ತೈದು ಮಿಲಿಮೀಟರ್, ಎತ್ತರ ನಲವತ್ತೈದು. ಗಲ್ಲದಿಂದ ನೆತ್ತಿಯವರೆಗೆ ಮೂವತ್ತೆರಡಕ್ಕೆ ಕಡಿಮೆಯಿಲ್ಲ, ಮೂವತ್ತಾರಕ್ಕೆ ಹೆಚ್ಚಿಲ್ಲ. ಹಿನ್ನೆಲೆ ಬಿಳಿ, ಅದರ ಮೇಲೆ ನೆರಳು ಬೀಳಕೂಡದು. ಕನ್ನಡಕ ಬೇಡ. ಕಣ್ಣು ಪೂರ್ತಿ ತೆರೆದಿರಬೇಕು, ಕೂದಲು ಅಡ್ಡ ಬರಬಾರದು. ತಲೆ ವಾಲಬಾರದು. ನಗಬಾರದು, ಬಾಯಿ ಮುಚ್ಚಿರಬೇಕು, ಮುಖದಲ್ಲಿ ಯಾವ ಭಾವವೂ ಇರಬಾರದು. ಕೊನೆಯಲ್ಲಿ, ಫೋಟೋವನ್ನು ಯಾವ ರೀತಿಯಲ್ಲೂ ತಿದ್ದಿರಬಾರದು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಎದುರು ಮನೆಯ ಕಂಪೌಂಡರ್ ಸಹಾಯಕ್ಕೆ ಬಂದ. ಔಷಧಿ ಅಂಗಡಿಯಲ್ಲಿ ಕೂತು ಕೂತು ಬಾಯಿ ಬಿಟ್ಟರೆ ತಮಾಷೆಯೇ ಬರುವ ಮನುಷ್ಯ. ಮನೆಯ ಗೋಡೆ ಒಂದು ಕಾಲದಲ್ಲಿ ಬಿಳಿಯಾಗಿದ್ದದ್ದು, ಈಗ ಹಾಲು ಕೆನೆಗಟ್ಟಿದ ಬಣ್ಣ. ಹಾಗಾಗಿ ಹೊಸ ಬಿಳಿ ಹಾಸುಬಟ್ಟೆಯನ್ನು ಇಸ್ತ್ರಿ ಮಾಡಿ, ಮಡಿಕೆಯ ಗೆರೆ ಹೋಗುವವರೆಗೆ ಮತ್ತೆ ಮತ್ತೆ ಉಜ್ಜಿ, ಬಿಗಿಯಾಗಿ ಎಳೆದು ಗೋಡೆಗೆ ಬಡಿದರು. ಕುರ್ಚಿಯನ್ನು ಬಟ್ಟೆಗೆ ಅಂಟಿಸಿ ಇಟ್ಟರೆ ನೆರಳು ಬೀಳುತ್ತದೆಂದು ಟಚಿಂಗಪ್ಪ ಎರಡು ಮೊಳ ಮುಂದಕ್ಕೆ ಎಳೆದ. ಕಿಟಕಿ ಅವಳ ಮುಖದ ಎದುರಿಗೆ ಬರುವಂತೆ ಮಾಡಿದ. ಬಿಸಿಲು ನೇರ ಬೀಳದಂತೆ ತೆಳು ಪರದೆ ಎಳೆದ. ಬೆಳಕು ಕಡಿಮೆಯಾದ ಪಕ್ಕಕ್ಕೆ ಥರ್ಮೋಕೋಲಿನ ಬಿಳಿ ಹಲಗೆ ಹಿಡಿದುಕೊಂಡು ನಿಲ್ಲುವುದು ಕಂಪೌಂಡರನ ಪಾಲಿಗೆ ಬಂತು.

"ಟಚಿಂಗಪ್ಪನೋರೆ, ಇನ್ನೆಷ್ಟು ಹೊತ್ತು? ನನ್ನ ಕೈಯೂ ಅಕ್ಕನ ಕೈ ಥರಾನೇ ಆಗ್ತಿದೆ."

ಬೇರೆಯವರಾಗಿದ್ದರೆ ಆ ಮಾತು ಚುಚ್ಚುತ್ತಿತ್ತೇನೋ. ಹೆಂಡತಿ ನಕ್ಕಳು. ನಕ್ಕರೆ ಬಲಗಡೆ ಮಾತ್ರ ನಗು ಬರುತ್ತಿತ್ತು.

ಬಿಳಿ ಹಿನ್ನೆಲೆಯಲ್ಲಿ ತಿಳಿಬಣ್ಣ ಕರಗಿಹೋಗುತ್ತದೆಂದು ಟಚಿಂಗಪ್ಪ ಅವಳಿಗೆ ಗಾಢ ನೀಲಿ ಸೀರೆ ಉಡಿಸಿದ್ದ. ಅವಳ ಮೈ ಎಡಕ್ಕೆ ವಾಲುತ್ತಿತ್ತು. ಸೊಂಟದ ಪಕ್ಕ ಎರಡು ದಿಂಬು ಸಿಕ್ಕಿಸಿ, ಅವು ಚಿತ್ರದ ಚೌಕಟ್ಟಿಗೆ ಬಾರದ ಹಾಗೆ ಕೆಳಗೆ ಒತ್ತಿದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇಟ್ಟ. ಹತ್ತಿರ ಹೋದರೆ ಮೂಗು ದಪ್ಪವಾಗಿ ಮುಖ ಉಬ್ಬುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐದು ಅಡಿ ದೂರ ನಿಂತ. ಹಿನ್ನೆಲೆ, ಬೆಳಕು, ತಲೆ, ಕಣ್ಣು, ಎಲ್ಲ ಕೈಗೆ ಬಂದವು. ಕೈಗೆ ಬಾರದ್ದು ಬಾಯಿ ಒಂದೇ. ಮುಚ್ಚು ಎಂದರೆ ಬಲತುಟಿ ಮೇಲಕ್ಕೆಳೆದುಕೊಂಡು ಎಡಮೂಲೆ ಕೆಳಗೇ ಉಳಿಯುತ್ತಿತ್ತು. ಚಿತ್ರದಲ್ಲಿ ನೋಡಿದರೆ ಯಾರನ್ನೋ ಅಣಕಿಸಿ ಒಂದು ಕಡೆಯಿಂದ ನಕ್ಕಂತೆ ಕಾಣುತ್ತಿತ್ತು. ನಲವತ್ತು ಸಲ ತೆಗೆದ. ನಲವತ್ತು ಸಲವೂ ಅದೇ.

"ಬಾಯಿ ಹೇಗ್ ಬಂದಿದೆ ರೀ?" ಹೆಂಡತಿ ಕೇಳಿದಳು.

"ಚೆನ್ನಾಗಿ ಬಂದಿದೆ," ಎಂದ.

ತೋರಿಸಿ ಎಂದಳು. ಕಂಪ್ಯೂಟರಿಗೆ ಹಾಕಿದ ಮೇಲೆ ದೊಡ್ಡದಾಗಿ ಕಾಣುತ್ತೆ, ಆಗ ತೋರಿಸುತ್ತೇನೆ ಎಂದು ಮಾತು ಹಾರಿಸಿದ. ನಂತರ ಅದೇ ಕುರ್ಚಿಯಲ್ಲಿ ತಾನು ಕೂತ. ಕಂಪೌಂಡರ್ ಗುಂಡಿ ಒತ್ತಿದ. ಎರಡೇ ಸಲಕ್ಕೆ ಅವನ ಫೋಟೋ ಆಯಿತು.

ಮಧ್ಯಾಹ್ನ ಅವಳು ಮಲಗಿದ ಮೇಲೆ ಕಂಪ್ಯೂಟರಿನ ಬಟ್ಟೆ ಸರಿಸಿದ. ನಲವತ್ತರಲ್ಲಿ ಒಂದನ್ನು ಆರಿಸಿ ತೆರೆದ. ಪರದೆಯ ತುಂಬ ಅವಳ ಮುಖ. ಎಂಟು ತಿಂಗಳಿಂದ ದಿನವೂ ತೊಳೆಯುತ್ತಿದ್ದ, ಉಣಿಸುತ್ತಿದ್ದ ಮುಖವೇ. ಆದರೂ ಅವನು ಅದನ್ನು ಹೀಗೆ ಕಣ್ಣಿಟ್ಟು ನೋಡಿರಲಿಲ್ಲ. ಬಾಯಿಗೆ ಚಮಚ ಹಿಡಿದಾಗ ಚಮಚ ನೋಡುತ್ತಿದ್ದ, ಕೂದಲು ಬಾಚುವಾಗ ಬೈತಲೆ ನೋಡುತ್ತಿದ್ದ. ಈಗ ತುಟಿಯ ಆ ಎಡ ಮೂಲೆ ಅವನನ್ನೇ ದಿಟ್ಟಿಸಿದಂತಾಯಿತು.

ನಗಬಾರದು ಎಂದಿದೆ. ಇದು ನಕ್ಕಂತೆ ಕಾಣುತ್ತದೆ, ವಾಪಸ್ ಕಳಿಸಿಬಿಟ್ಟರೆ? ಹಾಗೆ ಅವನು ಯೋಚಿಸಿದ್ದು ನಿಜ. ಕೊನೆಯ ಸಾಲೂ ನೆನಪಿತ್ತು. ಆದರೆ ಅವನ ಲೆಕ್ಕದಲ್ಲಿ ತಿದ್ದುವುದೆಂದರೆ ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಮುದುಕರನ್ನು ಹರೆಯದವರನ್ನಾಗಿಸುವುದು. ಕೆಟ್ಟುಹೋದದ್ದನ್ನು ಮೊದಲಿದ್ದ ಹಾಗೆ ಮಾಡುವುದು ತಿದ್ದುವುದು ಹೇಗಾದೀತು? ಅವಳ ಮುಖ ಎಂಟು ತಿಂಗಳ ಹಿಂದಿನವರೆಗೆ ನೆಟ್ಟಗೇ ಇತ್ತಲ್ಲ. ಅರವತ್ತೊಂಬತ್ತು ವರ್ಷ ಇದ್ದದ್ದು ಸುಳ್ಳು, ಎಂಟು ತಿಂಗಳದ್ದು ನಿಜವೇ?

ಮುಖದ ಬಲಭಾಗವನ್ನು ಕತ್ತರಿಸಿ ಎತ್ತಿ, ಮಗುಚಿ, ಎಡಕ್ಕೆ ಇಟ್ಟ. ಬಲಗೆನ್ನೆಯ ನರಹುಲಿ ಎಡಕ್ಕೂ ಬಂದದ್ದನ್ನು ಅಳಿಸಿದ. ಮೂಗಿನ ನೆರಳು ಎರಡೂ ಕಡೆ ಒಂದೇ ಆಗದಂತೆ ಮೆತ್ತಗೆ ಉಜ್ಜಿದ. ಹಣೆಯ ಗೆರೆ ಒಂದನ್ನೂ ತೆಗೆಯಲಿಲ್ಲ, ನರೆಗೂದಲು ಒಂದನ್ನೂ ಕಪ್ಪು ಮಾಡಲಿಲ್ಲ. ಎರಡು ಗಂಟೆ ಹಿಡಿಯಿತು. ಮುಗಿಸಿ ಹಿಂದಕ್ಕೆ ಒರಗಿ ನೋಡಿದಾಗ ಅವಳು ಅಲ್ಲಿದ್ದಳು, ಮೊದಲಿನವಳು. ಅವನಿಗೆ ಕಣ್ಣು ತುಂಬಿ ಬಂತು. ಇಷ್ಟು ಒಳ್ಳೆಯ ಕೆಲಸ ತನ್ನ ಜನ್ಮದಲ್ಲಿ ಮಾಡಿರಲಿಲ್ಲ ಎಂದುಕೊಂಡ.

ಪ್ರಿಂಟ್ ಹಾಕುವ ಅಂಗಡಿಯಲ್ಲಿ ಅಳತೆ ಹಿಗ್ಗಿಸದೆ ಕುಗ್ಗಿಸದೆ ಇದ್ದ ಹಾಗೇ ಹಾಕಿ ಎಂದು ಎರಡು ಸಲ ಹೇಳಿದ. ಮನೆಗೆ ತಂದು ಸ್ಕೇಲ್ ಇಟ್ಟು ನೋಡಿದ. ಗಲ್ಲದಿಂದ ನೆತ್ತಿಗೆ ಮೂವತ್ತನಾಲ್ಕು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೆಂಡತಿ ಕೇಳಿದಾಗ, ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ ಎಂದ.

ಏಜೆಂಟಮ್ಮ ಮೊದಲು ಅಳತೆ ನೋಡಿದಳು, ಹಿನ್ನೆಲೆ ನೋಡಿದಳು, ಹೊಗಳಿದಳು. ಅವಳು ಅವನ ಹೆಂಡತಿಯನ್ನು ಕಂಡಿದ್ದು ನಾಲ್ಕು ವರ್ಷದ ಹಿಂದೆ, ಅದೂ ಒಮ್ಮೆ. ಕೈಕಾಲಿಗೆ ತೊಂದರೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ವಿಮಾನದಲ್ಲಿ ಗಾಲಿಕುರ್ಚಿ ಬೇಕಲ್ಲ, ಅದಕ್ಕೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನೂ ಅರ್ಜಿಯ ಜೊತೆ ಸೇರಿಸಿದಳು. ಆ ಕಾಗದ ಇಂಗ್ಲಿಷಿನಲ್ಲಿತ್ತು. ಟಚಿಂಗಪ್ಪ ಅದನ್ನು ಓದಿರಲಿಲ್ಲ. ಏಜೆಂಟಮ್ಮ ಸಹಿ, ಮೊಹರು ನೋಡಿದ್ದಳೇ ಹೊರತು ಒಳಗಿನದನ್ನಲ್ಲ.

ಹನ್ನೆರಡು ದಿನ ಕಾದರು. ಹೆಂಡತಿ ಒಂದೇ ಕೈಯಲ್ಲಿ ಪೆಟ್ಟಿಗೆ ಕಟ್ಟಿದಳು. ಪುಟ್ಟಿಗೆಂದು ಒಂದು ಹಳೇ ಮೆತ್ತನೆ ಸೀರೆ ತೆಗೆದಿಟ್ಟಳು. ಆಸ್ಪತ್ರೆಯ ಹೊದಿಕೆ ಅವಳಿಗೆ ಚುಚ್ಚುತ್ತಿರಬಹುದು ಎಂದಳು. ಪುಟ್ಟಿ ಫೋನಿನಲ್ಲಿ ಮಾತಾಡುವುದು ದಿನೇ ದಿನೇ ಕಡಿಮೆಯಾಯಿತು. ಅಕ್ಕನ ತೊದಲು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವಳ ಏದುಸಿರು ಅಕ್ಕನಿಗೆ ಅರ್ಥವಾಗುತ್ತಿರಲಿಲ್ಲ. ಇಬ್ಬರೂ ಫೋನ್ ಹಿಡಿದು ಸುಮ್ಮನೆ ಇರುತ್ತಿದ್ದರು.

ಹದಿಮೂರನೇ ದಿನ ಏಜೆಂಟಮ್ಮ ಕರೆಸಿದಳು. ಮೇಜಿನ ಮೇಲೆ ಎರಡು ಪಾಸ್‌ಪೋರ್ಟ್ ಇದ್ದವು. ಒಂದರಲ್ಲಿ ಟಚಿಂಗಪ್ಪನ ವೀಸಾ ಅಂಟಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ, ಒಂದು ಪತ್ರವನ್ನೂ ಕೊಟ್ಟಿದ್ದ ಫೋಟೋವನ್ನೂ ಮಾತ್ರ ಸಿಕ್ಕಿಸಿದ್ದರು. ಅವಳು ಓದಿ ಹೇಳಿದಳು. ವೈದ್ಯರ ಕಾಗದದಲ್ಲಿ ಅರ್ಜಿದಾರರ ಮುಖದ ಎಡಭಾಗಕ್ಕೆ ಪಾರ್ಶ್ವವಾಯು ಎಂದಿದೆ. ಫೋಟೋದಲ್ಲಿ ಅದರ ಸುಳಿವೇ ಇಲ್ಲ. ಫೋಟೋ ತಿದ್ದಿದಂತೆ ಕಾಣುತ್ತದೆ, ಅರ್ಜಿ ತಿರಸ್ಕರಿಸಲಾಗಿದೆ. ಹೊಸ ಫೋಟೋದೊಂದಿಗೆ ಹೊಸದಾಗಿ ಅರ್ಜಿ ಹಾಕಬಹುದು.

ಏಜೆಂಟಮ್ಮ ಪತ್ರ ಕೆಳಗಿಟ್ಟಳು. "ಬಾಯಿ ಸೊಟ್ಟ ಇದೆ ಅಂತ ನಂಗ್ಯಾಕೆ ಹೇಳ್ಲಿಲ್ಲ ಯಜಮಾನ್ರೆ? ಕಾಯಿಲೆಯಿಂದ ಮುಖ ಹಾಗಿದ್ರೆ ಹಾಗೇ ತಗೋತಾರೆ. ಡಾಕ್ಟರ ಕಾಗದವೂ ಜೊತೆಗೇ ಇತ್ತಲ್ಲ. ಇದ್ದ ಮುಖ ಇದ್ದ ಹಾಗೆ ಕೊಟ್ಟಿದ್ರೆ ಇವತ್ತು ಇವರದ್ದೂ ಬಂದಿರೋದು."

ತಪ್ಪಿನಲ್ಲಿ ತನ್ನದೂ ಪಾಲಿದೆ, ಕಾಗದ ಓದಬೇಕಿತ್ತು ಎಂದು ಅವಳೇ ಆಮೇಲೆ ಮೆತ್ತಗಾಗಿ ಹೇಳಿದಳು. ಅದು ಅವನ ಕಿವಿಗೆ ಬೀಳಲಿಲ್ಲ.

ಮೂರು ಮಹಡಿ ಹತ್ತಲು ಅವನಿಗೆ ಅವತ್ತು ಬಹಳ ಹೊತ್ತು ಬೇಕಾಯಿತು. ಎರಡನೇ ಮಹಡಿಯಲ್ಲಿ ನಿಂತು ಒಂದು ಸುಳ್ಳು ಹೊಂದಿಸಿಕೊಂಡ, ಹಿನ್ನೆಲೆಯಲ್ಲಿ ನೆರಳು ಬಿದ್ದಿತ್ತಂತೆ ಎಂದು. ಬಾಗಿಲು ತೆಗೆದಾಗ ಹೆಂಡತಿ ಅವನ ಕೈಯನ್ನೇ ನೋಡಿದಳು. ಹೊಂದಿಸಿಕೊಂಡ ಸುಳ್ಳನ್ನು ಬಿಟ್ಟು, ಪಾಸ್‌ಪೋರ್ಟನ್ನೂ ವಾಪಸ್ ಬಂದ ಫೋಟೋವನ್ನೂ ಅವಳ ಮಡಿಲಲ್ಲಿಟ್ಟ.

ಅವಳು ಬಲಗೈಯಲ್ಲಿ ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಯಾವಾಗಿನದು?"

"ಮೊನ್ನೆದೇ."

ಬಹಳ ಹೊತ್ತು ನೋಡಿದಳು. ಬೆರಳಿನಿಂದ ತನ್ನ ಎಡ ತುಟಿಯ ಮೂಲೆ ಮುಟ್ಟಿಕೊಂಡಳು, ಮತ್ತೆ ಫೋಟೋ ನೋಡಿದಳು. ಅವನು ಎಲ್ಲ ಹೇಳಿದ. ವಾಪಸ್ ಬರಬಾರದೆಂದೇ ಮಾಡಿದೆ, ನಕ್ಕಂತೆ ಕಾಣುತ್ತಿತ್ತು, ನಗಬಾರದೆಂದು ಬರೆದಿತ್ತು, ಎಂದು ಒಂದರ ಹಿಂದೊಂದು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದಕ್ಕೇ ಮಾಡಿದ್ರಾ?" ಎಂದಳು. ಮಾತು ನಿಧಾನ, ಒಂದೊಂದು ಅಕ್ಷರವನ್ನೂ ಎಳೆದು ತರಬೇಕಿತ್ತು. "ನಿಮಗೆ ನೋಡೋಕಾಗ್ಲಿಲ್ಲ. ಅದಕ್ಕೆ ಮಾಡಿದ್ರಿ."

ಅವನು ಅವಳ ಕೈಯಿಂದ ಫೋಟೋ ತೆಗೆದು ಮಗುಚಿಟ್ಟ.

"ನೀವಾದ್ರೂ ಹೋಗ್ಬನ್ನಿ," ಎಂದಳು. "ನಿಮ್ದು ಬಂದಿದೆಯಲ್ಲ."

"ನಾನ್ ಹೋಗಿ ಏನ್ ಮಾಡ್ಲಿ? ಅವಳು ಕೇಳಿದ್ದು ನಿನ್ನನ್ನ."

"ಹಾಗಾದ್ರೆ ಬಟ್ಟೆ ಕಟ್ಟಿ ಗೋಡೆಗೆ. ಈಗ್ಲೇ."

ಕಂಪೌಂಡರನನ್ನು ಕರೆದರು. ಅವನು ಒಳಗೆ ಬಂದವನೇ ಗಂಡ ಹೆಂಡತಿಯ ಮುಖ ನೋಡಿ, ತಮಾಷೆಯನ್ನು ಹೊಸ್ತಿಲಾಚೆ ಬಿಟ್ಟು ಹಲಗೆ ಹಿಡಿದು ನಿಂತ. ನೀಲಿ ಸೀರೆ, ಎರಡು ದಿಂಬು, ಪರದೆ, ಐದು ಅಡಿ. ಟಚಿಂಗಪ್ಪ ಕ್ಯಾಮೆರಾದೊಳಗೆ ಕಣ್ಣಿಟ್ಟ. ಅವಳು ಬಾಯಿ ಮುಚ್ಚಿದಳು. ಆದಷ್ಟು ಮುಚ್ಚಿದಳು. ಎಡಮೂಲೆ ಎಂದಿನಂತೆ ಕೆಳಗೆ ಉಳಿಯಿತು. ಅವಳು ಅವನನ್ನು ನೇರವಾಗಿ ನೋಡುತ್ತಿದ್ದಳು, ಕ್ಯಾಮೆರಾದ ಗಾಜನ್ನಲ್ಲ, ಅದರ ಹಿಂದೆ ಇದ್ದವನನ್ನು. ಅವನು ಗುಂಡಿ ಒತ್ತಲು ತಡಮಾಡಿದ. ಕಂಪೌಂಡರ್ ಹಲಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಕಣ್ಣು ತೆರೆದಿದೆ," ಎಂದಳು ಹೆಂಡತಿ. "ತೆಗೀರಿ."

ಒಂದೇ ಸಲ ತೆಗೆದ. ಕಂಪ್ಯೂಟರಿನಲ್ಲಿ ಅಳತೆಗೆ ಕತ್ತರಿಸಿದ್ದು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. ಅವಳು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವನ ಕೈ ಅಭ್ಯಾಸಬಲದಿಂದ ಒಮ್ಮೆ ಆ ಮೂಲೆಯ ಕಡೆ ಹೋದದ್ದನ್ನು ಅವಳು ಕಂಡಳು. ಕೈ ಅಲ್ಲೇ ನಿಂತಿತು, ಹಿಂದಕ್ಕೆ ಬಂತು.

ಎರಡನೇ ಅರ್ಜಿ ಎರಡು ದಿನದಲ್ಲಿ ಹೋಯಿತು. ಏಜೆಂಟಮ್ಮ ಪುಟ್ಟಿಯ ಆಸ್ಪತ್ರೆಯ ಪತ್ರವನ್ನೂ ಸೇರಿಸಿ, ಬೇಗ ನೋಡಿ ಎಂದು ಬರೆದು ಬೇಡಿಕೊಂಡಳು. ಆರನೇ ದಿನ ಬೆಳಿಗ್ಗೆ ಪುಟ್ಟಿಯ ಮಗಳ ಫೋನ್ ಬಂತು. ಅವನೇ ಎತ್ತಿದ. ಆ ಕಡೆ ಅಳು ಕೇಳಿದಾಗ ಹೆಂಡತಿಗೆ ಹೇಳಬೇಕಾಗಲಿಲ್ಲ. ಅವಳು ಹಾಸಿಗೆಯ ಅಂಚಿನಲ್ಲಿ ಕೂತವಳು ಹಾಗೇ ಕೂತಿದ್ದಳು. ಫೋನ್ ಕೊಡಿ ಎಂದು ಕೈ ಚಾಚಿದಳು. ಕಿವಿಗೆ ಹಿಡಿದು, "ಮಲಗಿದ್ದಾಗ್ಲಾ?" ಎಂದು ಕೇಳಿದಳು. ಹೌದು ದೊಡ್ಡಮ್ಮ, ಮುಂಜಾನೆ, ನಿನ್ನೆ ಸಂಜೆ ಒಮ್ಮೆ ಬಾಗಿಲ ಕಡೆ ನೋಡಿದಳು ಎಂದು ಆ ಹುಡುಗಿ ಹೇಳಿದಳು. ಯಾಕೆ ಹೇಳಿದೆನೋ ಎಂದು ಆಮೇಲೆ ಅವಳಿಗೇ ಅನಿಸಿರಬೇಕು.

ಅರ್ಜಿ ಹೋದ ಹನ್ನೊಂದನೇ ದಿನ ಏಜೆಂಟಮ್ಮ ಪಾಸ್‌ಪೋರ್ಟ್ ಹಿಡಿದು ಮೂರು ಮಹಡಿ ತಾನೇ ಹತ್ತಿ ಬಂದಳು. ಕೊಡಲೋ ಬೇಡವೋ ಎಂದು ಒಂದು ದಿನ ಇಟ್ಟುಕೊಂಡಿದ್ದೆ ಎಂದಳು. ಕೂರಲಿಲ್ಲ, ನೀರು ಕುಡಿದು ಹೋದಳು.

ಹೆಂಡತಿ ಪುಟ ತೆರೆದಳು. ವೀಸಾದ ಚೀಟಿಯ ಮೇಲೆ ಅವಳ ಮುಖ ಸಣ್ಣದಾಗಿ ಅಚ್ಚಾಗಿತ್ತು. ಎಡಮೂಲೆ ಇಳಿದ ಬಾಯಿ, ನೆಟ್ಟ ಕಣ್ಣು.

"ಎಷ್ಟು ದಿನ ನಡೆಯುತ್ತೆ ಇದು?"

"ಮೂರು ತಿಂಗಳು."

ಅವಳು ಪುಟ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಟಚಿಂಗಪ್ಪ ಅವಳ ಕಾಲ ಬಳಿ ನೆಲದ ಮೇಲೆ ಕೂತ. ಇಷ್ಟು ದಿನ ಅವಳು ಬೈದಿರಲಿಲ್ಲ, ಹಂಗಿಸಿರಲಿಲ್ಲ. ಹೊತ್ತು ಹೊತ್ತಿಗೆ ಉಂಡಿದ್ದಳು, ಮಾತ್ರೆ ನುಂಗಿದ್ದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಅದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

"ಮೊದಲನೇ ಸಲವೇ ನೆಟ್ಟಗೆ ಕೊಟ್ಟಿದ್ರೆ," ಎಂದ. "ಏನಿಲ್ಲ ಅಂದ್ರೂ ಒಂದು ವಾರ ಅವಳ ಪಕ್ಕದಲ್ಲಿ ಇರ್ತಿದ್ದೆ ನೀನು. ಆ ಒಂದು ವಾರ ನಾನು ತಿಂದುಬಿಟ್ಟೆ."

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅಲ್ಲ ಎನ್ನುತ್ತಾಳೇನೋ, ಹೋಗಲಿ ಬಿಡಿ ಎನ್ನುತ್ತಾಳೇನೋ ಎಂದು ಅವನು ಕಾದ. ಐವತ್ತು ವರ್ಷದಿಂದ ಅವನ ಎಷ್ಟೋ ತಪ್ಪುಗಳಿಗೆ ಅವಳು ಹಾಗೆ ಅಂದಿದ್ದಳು.

"ಹೂಂ," ಎಂದಳು.

ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನು ತಲೆಯೆತ್ತಿ ಅವಳ ಮುಖ ನೋಡಿದ, ಎಡಗಡೆಯಿಂದ, ಕಣ್ಣು ತಪ್ಪಿಸದೆ. ಅವಳು ನೋಡಿಸಿಕೊಂಡಳು.